ಲೋಡಿನ ಲೆಕ್ಕ, ಚೀಲದ ಲೆಕ್ಕ

ಹಾವೇರಿಯಂಥ ಊರಿನಲ್ಲಿ ಅಪ್ಪ ಮಗ ಸೇರಿ ನಡೆಸುವ ಒಂದು ಸಿಮೆಂಟ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಸರಾಸರಿ 50 ಚೀಲ ಖರ್ಚಾಗುತ್ತದೆ. ಮಾಲು ಬರುವುದು ಕಲಬುರಗಿ ಕಡೆಯ ಕಾರ್ಖಾನೆಯಿಂದ. ಒಂದು ಲೋಡ್ ಎಂದರೆ 20 ಟನ್, ಅಂದರೆ 50 ಕಿಲೋದ 400 ಚೀಲ. ಫೋನಿನಲ್ಲಿ ಆರ್ಡರ್ ಹೇಳಿದ ಎರಡು ದಿನಕ್ಕೆ ಲಾರಿ ಗೋಡೌನಿನ ಮುಂದೆ ನಿಲ್ಲುತ್ತದೆ. ಆ ಎರಡು ದಿನದಲ್ಲಿ 100 ಚೀಲ ಹೋಗಬಹುದು ಎಂಬ ಅಂದಾಜಿನ ಮೇಲೆ, ಗೋಡೌನಿನಲ್ಲಿ 100 ಚೀಲ ಉಳಿದಾಗ ಮುಂದಿನ ಲೋಡಿಗೆ ಹೇಳಿಬಿಡುತ್ತಾರೆ. ಗೋಡೆಯ ಮೇಲೆ ಒಂದು ಗೆರೆ ಎಳೆದು, ದಾಸ್ತಾನು ಅಲ್ಲಿಗಿಳಿದರೆ ಆರ್ಡರ್ ಎನ್ನುವ ಹಾಗೆ. ಇದನ್ನು ಆರ್ಡರ್ ಗೆರೆ ಎಂದು ಕರೆಯೋಣ.

ಅಪ್ಪ ಹೇಳುವುದು ಹೀಗೆ: ‘ಎರಡ್ ಲೋಡಿಗೊಮ್ಮೆ ಗೋಡೌನ್ ಖಾಲಿ ಬೀಳಾಕತ್ತೈತಿ. ಹಿಂಗಾದ್ರ ಗಿರಾಕಿ ನಿಲ್ತಾರೇನು?’ ಮಗನ ಉತ್ತರ ಬೇರೆ: ‘ಅಪ್ಪಾ, ನೂರು ಚೀಲ ಕೇಳಿದ್ರ ತೊಂಬತ್ತಾರು, ತೊಂಬತ್ತೇಳು ಚೀಲ ಆಗಿಂದಾಗಲೇ ಕೊಟ್ಟೀವಿ. ಇನ್ನೇನ್ ಬೇಕು?’

ಇಬ್ಬರೂ ಒಂದೇ ಗೋಡೌನು, ಒಂದೇ ಅವಧಿಯ ಬಗ್ಗೆ ಮಾತಾಡುತ್ತಿದ್ದಾರೆ. ಇಬ್ಬರ ಮಾತೂ ನಿಜ. ದಾಸ್ತಾನು ಶಾಸ್ತ್ರ ಓದಿದವರು ಅಪ್ಪನ ಅಳತೆಗೆ ಸೈಕಲ್ ಸರ್ವಿಸ್ ಲೆವೆಲ್ ಎನ್ನುತ್ತಾರೆ, ಮಗನ ಅಳತೆಗೆ ಫಿಲ್ ರೇಟ್ ಎನ್ನುತ್ತಾರೆ. ಒಂದು ಲೋಡಿನಿಂದ ಇನ್ನೊಂದು ಲೋಡಿನವರೆಗಿನ ಅವಧಿ ಒಂದು ಸೈಕಲ್. ನೂರು ಸೈಕಲ್‌ಗಳಲ್ಲಿ ಎಷ್ಟು ಸೈಕಲ್ ‘ಇಲ್ಲ’ ಎನ್ನದೆ ಮುಗಿದವು ಎಂಬುದು ಮೊದಲನೆಯದು. ಕೇಳಿದ ನೂರು ಚೀಲಗಳಲ್ಲಿ ಎಷ್ಟು ಚೀಲ ಆ ಕ್ಷಣಕ್ಕೆ ಗೋಡೌನಿನಲ್ಲೇ ಇದ್ದವು ಎಂಬುದು ಎರಡನೆಯದು. ಎರಡಕ್ಕೂ ಶೇಕಡಾವಾರು ಲೆಕ್ಕವೇ, ಎರಡನ್ನೂ ಬಾಯಿಮಾತಿನಲ್ಲಿ ‘ಸರ್ವಿಸ್ ಲೆವೆಲ್’ ಎಂದುಬಿಡುತ್ತಾರೆ. ತೊಡಕು ಹುಟ್ಟುವುದು ಅಲ್ಲೇ.

ಅಂಕಿ ಇಟ್ಟುಕೊಂಡೇ ನೋಡೋಣ. ಹತ್ತು ಲೋಡುಗಳ ಅವಧಿ ತೆಗೆದುಕೊಳ್ಳಿ. ಪ್ರತಿ ಸಲ ಆರ್ಡರ್ ಹೇಳಿ ಲಾರಿ ಬರುವವರೆಗಿನ ಎರಡು ದಿನಗಳಲ್ಲಿ ಗಿರಾಕಿಗಳು ಕೇಳಿದ್ದು ಕ್ರಮವಾಗಿ 62, 118, 95, 134, 81, 149, 70, 108, 57 ಮತ್ತು 126 ಚೀಲ. ಕೂಡಿದರೆ ಸರಿಯಾಗಿ 1,000, ಸರಾಸರಿ 100. ಅಂದಾಜು ತಪ್ಪಿಲ್ಲ. ಆದರೆ ಸರಾಸರಿ ಸರಿಯಿದ್ದ ಮಾತ್ರಕ್ಕೆ ಪ್ರತಿ ಸಲವೂ 100 ಚೀಲ ಸಾಕಾಗುವುದಿಲ್ಲ. ಒಬ್ಬ ಮೇಸ್ತ್ರಿ ಆ ವಾರವೇ ಸ್ಲ್ಯಾಬ್ ಹಾಕಿಸಿದರೆ 149 ಆಗುತ್ತದೆ, ಮಳೆ ಹಿಡಿದರೆ 57ಕ್ಕೆ ನಿಲ್ಲುತ್ತದೆ. ಹತ್ತರಲ್ಲಿ ಐದು ಸಲ ಬೇಡಿಕೆ ನೂರನ್ನು ದಾಟಿದೆ. ಆ ಐದು ಸಲ ಕಡಿಮೆ ಬಿದ್ದ ಚೀಲಗಳು 18, 34, 49, 8 ಮತ್ತು 26, ಒಟ್ಟು 135.

ಅಪ್ಪನ ಲೆಕ್ಕದಲ್ಲಿ ಹತ್ತರಲ್ಲಿ ಐದು ಲೋಡು ಕೈಕೊಟ್ಟಿವೆ. ಸೈಕಲ್ ಸರ್ವಿಸ್ ಲೆವೆಲ್ ಶೇ. 50. ಮಗನ ಲೆಕ್ಕ ಮಾಡಲು ಆ ಅವಧಿಯ ಒಟ್ಟು ಬೇಡಿಕೆ ಬೇಕು. ಹತ್ತು ಲೋಡಿನಲ್ಲಿ ಬಂದ 4,000 ಚೀಲವೂ ಹೋಗಿದೆ. ಕಡಿಮೆ ಬಿದ್ದಾಗ ಗಿರಾಕಿಗಳು ಹೆಸರು ಬರೆಸಿ, ಮುಂದಿನ ಲಾರಿ ಬಂದ ಮೇಲೆ ಒಯ್ದರು ಎಂದು ಹಿಡಿಯೋಣ. ಸಿಮೆಂಟಿನಲ್ಲಿ ಖಾಯಂ ಗಿರಾಕಿಗಳು ಹಾಗೆ ಮಾಡುವುದುಂಟು. 4,000 ಚೀಲದ ಬೇಡಿಕೆಯಲ್ಲಿ 135 ಚೀಲ ಮಾತ್ರ ತಡವಾಯಿತು, ಉಳಿದ 3,865 ಕೇಳಿದಾಗಲೇ ಸಿಕ್ಕಿತು. ಫಿಲ್ ರೇಟ್ ಶೇ. 96.6.

ಐವತ್ತಕ್ಕೂ ತೊಂಬತ್ತಾರಕ್ಕೂ ಇಷ್ಟು ಅಂತರ ಏಕೆ ಬಂತು? ಸೈಕಲ್ ಅಳತೆಗೆ ಒಂದು ಚೀಲ ಕಡಿಮೆ ಬಿದ್ದರೂ ಒಂದೇ, ಐವತ್ತು ಬಿದ್ದರೂ ಒಂದೇ. ಎಂಟು ಚೀಲ ಕಡಿಮೆಯಾದ ಲೋಡನ್ನೂ 49 ಕಡಿಮೆಯಾದ ಲೋಡನ್ನೂ ಅದು ‘ತಪ್ಪಿತು’ ಎಂಬ ಒಂದೇ ಸಾಲಿನಲ್ಲಿ ಬರೆಯುತ್ತದೆ. ಇದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಲಾರಿಯ ಗಾತ್ರದಲ್ಲಿದೆ. 400 ಚೀಲದ ಲೋಡು ಇಳಿದ ಮೇಲೆ ದಾಸ್ತಾನು ಗೆರೆಗೆ ಇಳಿಯುವವರೆಗೆ ಸುಮಾರು ಆರು ದಿನ ಯಾರು ಎಷ್ಟು ಕೇಳಿದರೂ ಮಾಲು ಇರುತ್ತದೆ. ಅಪಾಯ ಇರುವುದು ಆರ್ಡರ್ ಹೇಳಿ ಕಾಯುವ ಎರಡು ದಿನದಲ್ಲಿ ಮಾತ್ರ. ಫಿಲ್ ರೇಟ್ ಆ ನಿಶ್ಚಿಂತೆಯ ಆರು ದಿನದ ವ್ಯಾಪಾರವನ್ನೂ ಸೇರಿಸಿ ಎಣಿಸುತ್ತದೆ. ಸೈಕಲ್ ಅಳತೆ ಕಾಯುವ ಎರಡು ದಿನವನ್ನಷ್ಟೇ ನೋಡುತ್ತದೆ.

ಲಾರಿ ಚಿಕ್ಕದಾದರೆ ಏನಾಗುತ್ತದೆ ಎಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗೋಡೌನಿನ ಬಾಡಿಗೆ ಹೆಚ್ಚಾಯಿತೆಂದು ಅಪ್ಪ ಮಗ 5 ಟನ್ನಿನ ಗಾಡಿಯಲ್ಲಿ 100 ಚೀಲದಂತೆ ತರಿಸಲು ಶುರುಮಾಡಿದರು ಎನ್ನಿ. ಕಾಯುವ ಎರಡು ದಿನ ಹಾಗೇ ಇದೆ, ಆ ಎರಡು ದಿನದ ಬೇಡಿಕೆಯ ಏರಿಳಿತವೂ ಹಾಗೇ ಇದೆ, ಗೆರೆ 100ರಲ್ಲೇ ಇದೆ. ದಾರಿಯಲ್ಲಿರುವ ಗಾಡಿಯ ಮಾಲನ್ನೂ ಸೇರಿಸಿ ಗೆರೆ ನೋಡಬೇಕು, ಅಷ್ಟೆ. ಮೇಲಿನ ಹತ್ತು ಅಂಕಿಗಳೇ ಮರುಕಳಿಸಿದರೆ ಹತ್ತರಲ್ಲಿ ಐದು ಸಲ ಕಡಿಮೆ ಬೀಳುತ್ತದೆ. ಸೈಕಲ್ ಸರ್ವಿಸ್ ಲೆವೆಲ್ ಮೊದಲಿನಂತೆ ಶೇ. 50. ಏನೂ ಬದಲಾಗಿಲ್ಲ ಎಂದು ಅದು ಹೇಳುತ್ತದೆ. ಆದರೆ ಈಗ ಹತ್ತು ಗಾಡಿಯಲ್ಲಿ ಬರುವುದು 1,000 ಚೀಲ, ಅದರಲ್ಲಿ 135 ಕಡಿಮೆ. ಫಿಲ್ ರೇಟ್ ಶೇ. 86.5ಕ್ಕೆ ಕುಸಿಯಿತು. ನೂರು ಚೀಲ ಕೇಳಿದವರಲ್ಲಿ ಮೂರಕ್ಕೆ ಬದಲು ಹದಿಮೂರು ಚೀಲಕ್ಕೆ ‘ನಾಡಿದ್ದು ಬರ್ರಿ’ ಎನ್ನಬೇಕಾಯಿತು. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 15,000 ಚೀಲ. ದೊಡ್ಡ ಲಾರಿಯಲ್ಲಿ ಸುಮಾರು 38 ಲೋಡು, ಅವುಗಳಲ್ಲಿ 19 ಸಲ ಗೋಡೌನ್ ಖಾಲಿ. ಸಣ್ಣ ಗಾಡಿಯಲ್ಲಿ 150 ಲೋಡು, 75 ಸಲ ಖಾಲಿ. ಶೇಕಡಾ ಐವತ್ತು ಎಂಬ ಒಂದೇ ಸಂಖ್ಯೆ ಈ ಎರಡೂ ವರ್ಷಗಳಿಗೆ ಒಪ್ಪುತ್ತದೆ.

ಹಾಗಾದರೆ ಸಣ್ಣ ಗಾಡಿ ಕೆಟ್ಟದ್ದೇ? ಅಲ್ಲ. ಗೆರೆಯನ್ನು 100ರಿಂದ 125ಕ್ಕೆ ಏರಿಸಿ ಅದೇ ಹತ್ತು ಅಂಕಿಗಳನ್ನು ಮತ್ತೆ ನೋಡಿ. ಈಗ 134, 149 ಮತ್ತು 126 ಮಾತ್ರ ಗೆರೆ ದಾಟುತ್ತವೆ. ಕಡಿಮೆ ಬೀಳುವುದು 9, 24 ಮತ್ತು 1, ಒಟ್ಟು 34 ಚೀಲ. ಸಾವಿರದಲ್ಲಿ 34 ಎಂದರೆ ಫಿಲ್ ರೇಟ್ ಮತ್ತೆ ಶೇ. 96.6. ದೊಡ್ಡ ಲಾರಿಯ ಕಾಲದಲ್ಲಿದ್ದಷ್ಟೇ. ಈ ಹೆಚ್ಚುವರಿ 25 ಚೀಲಕ್ಕೆ ಸೇಫ್ಟಿ ಸ್ಟಾಕ್ ಎನ್ನುತ್ತಾರೆ. ಇನ್ನು ಗೋಡೌನಿನಲ್ಲಿ ಸರಾಸರಿ ಎಷ್ಟು ಮಾಲು ನಿಂತಿರುತ್ತದೆ? ಸುಮಾರಾಗಿ, ಒಂದು ಲೋಡಿನ ಅರ್ಧ, ಅದರ ಮೇಲೆ ಸೇಫ್ಟಿ ಸ್ಟಾಕ್. ದೊಡ್ಡ ಲಾರಿಯಲ್ಲಿ 200 ಚೀಲ, ಸಣ್ಣ ಗಾಡಿಯಲ್ಲಿ 50 ಮತ್ತು 25 ಸೇರಿ 75. ಬಾಡಿಗೆ ಗಾಡಿಯ ಖರ್ಚು ಏರುತ್ತದೆ, ಗೋಡೌನಿನಲ್ಲಿ ಕೂತ ದುಡ್ಡು ಇಳಿಯುತ್ತದೆ, ಗಿರಾಕಿಯ ಅನುಭವ ಹಾಗೇ ಉಳಿಯುತ್ತದೆ. ಈ ತೂಕವನ್ನು ಮಾಡಲು ಫಿಲ್ ರೇಟ್ ಬೇಕು. ಸೈಕಲ್ ಅಳತೆಗೆ ಲಾರಿಯ ಗಾತ್ರವೇ ಕಾಣದು.

ಈಗ ನಿಜವಾಗಿ ಹಣ ಸೋರುವ ಜಾಗಕ್ಕೆ ಬರೋಣ. ಅಂಗಡಿಯಾಗಲಿ, ಔಷಧಿ ಸಗಟು ವ್ಯಾಪಾರವಾಗಲಿ, ಬಿಡಿಭಾಗಗಳ ಡಿಪೋ ಆಗಲಿ, ಮಾಲೀಕರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ನೂರು ಕೇಳಿದರೆ ತೊಂಬತ್ತೈದಾದರೂ ಕೊಡಬೇಕು.’ ಇದು ಫಿಲ್ ರೇಟಿನ ಮಾತು. ಅದನ್ನು ಕೇಳಿಸಿಕೊಂಡವರು ಎಕ್ಸೆಲ್ ತೆರೆದು, ಎಲ್ಲ ಕಡೆ ಹರಿದಾಡುವ ಸೂತ್ರವನ್ನು ಹಾಕುತ್ತಾರೆ. ಕಾಯುವ ಅವಧಿಯ ಬೇಡಿಕೆ ಸರಾಸರಿಯಿಂದ ಎಷ್ಟು ಅತ್ತಿತ್ತ ಹೋಗುತ್ತದೆ ಎಂಬುದರ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ನಮ್ಮ ಹತ್ತು ಅಂಕಿಗಳಿಗೆ ಸುಮಾರು 32 ಚೀಲ. ಸೂತ್ರ ಹೀಗಿರುತ್ತದೆ:

```
=NORM.S.INV(0.95)*32
```

ಉತ್ತರ 52.6, ಅಂದರೆ 53 ಚೀಲ ಸೇಫ್ಟಿ ಸ್ಟಾಕ್. ಚೀಲಕ್ಕೆ 400 ರೂಪಾಯಿ ಎಂದು ಹಿಡಿದರೂ 21,000 ರೂಪಾಯಿಗೂ ಹೆಚ್ಚು. ಆದರೆ ಈ ಸೂತ್ರ ಉತ್ತರಿಸುವುದು ಬೇರೆ ಪ್ರಶ್ನೆಗೆ. ನೂರು ಲೋಡಿನಲ್ಲಿ ತೊಂಬತ್ತೈದು ಲೋಡು ಒಂದೂ ಚೀಲ ಕಡಿಮೆಯಾಗದೆ ಮುಗಿಯಬೇಕು ಎಂಬುದಕ್ಕೆ ಎಷ್ಟು ಮಾಲು ಬೇಕು ಎಂದು ಅದು ಹೇಳುತ್ತದೆ. ಅಷ್ಟು ಇಟ್ಟರೆ ಸಿಗುವ ಫಿಲ್ ರೇಟ್ ಎಷ್ಟು ಎಂದು ನೋಡಲು ಇನ್ನೊಂದು ಸೂತ್ರ ಬೇಕು. ಇದರಲ್ಲಿ ಒಂದು ಲೋಡಿಗೆ ಸರಾಸರಿ ಎಷ್ಟು ಚೀಲ ಕಡಿಮೆ ಬಿದ್ದೀತು ಎಂದು ಕಂಡುಕೊಂಡು, ಅದನ್ನು ಲೋಡಿನ ಗಾತ್ರದಿಂದ ಭಾಗಿಸಿ, ಒಂದರಿಂದ ಕಳೆಯುತ್ತೇವೆ. A1 ಎಂಬ ಮನೆಯಲ್ಲಿ, ಸೇಫ್ಟಿ ಸ್ಟಾಕನ್ನು 32ರಿಂದ ಭಾಗಿಸಿದರೆ ಬರುವ ಸಂಖ್ಯೆ ಇರಬೇಕು:

```
=1-32*(NORM.S.DIST(A1,FALSE)-A1*(1-NORM.S.DIST(A1,TRUE)))/400
```

53 ಚೀಲಕ್ಕೆ ಉತ್ತರ ಶೇ. 99.8. A1ರಲ್ಲಿ ಸೊನ್ನೆ ಹಾಕಿದರೆ, ಅಂದರೆ ಸೇಫ್ಟಿ ಸ್ಟಾಕೇ ಇಲ್ಲದಿದ್ದರೆ, ಶೇ. 96.8, ನಾವು ಕೈಯಲ್ಲಿ ಎಣಿಸಿದ 96.6ಕ್ಕೆ ಎಷ್ಟು ಹತ್ತಿರ ಎಂದು ಗಮನಿಸಿ. ಮಾಲೀಕರು ಕೇಳಿದ್ದು 95. ಅವರಿಗೆ ಬೇಕಾಗಿದ್ದು ಸೇಫ್ಟಿ ಸ್ಟಾಕ್ ಒಂದು ಚೀಲವೂ ಇಲ್ಲದೆ ಆಗಲೇ ಸಿಕ್ಕಿತ್ತು. ಇನ್ನೂ ಹೇಳಬೇಕೆಂದರೆ ಗೆರೆಯನ್ನು 90ಕ್ಕೆ ಇಳಿಸಿದರೂ ನಡೆಯುತ್ತಿತ್ತು: ಹತ್ತು ಅಂಕಿಗಳಲ್ಲಿ ಆಗ ಕಡಿಮೆ ಬೀಳುವುದು ಒಟ್ಟು 190 ಚೀಲ, ಫಿಲ್ ರೇಟ್ ಶೇ. 95.25. ಸೇಫ್ಟಿ ಸ್ಟಾಕ್ ಸೊನ್ನೆಗಿಂತ ಕೆಳಗೆ ಹೋಗಬಹುದು ಎಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಲೋಡು ದೊಡ್ಡದಿದ್ದು, ಗುರಿ 95ರ ಆಸುಪಾಸಿನಲ್ಲಿದ್ದರೆ ಇದು ಸಹಜ.

ಒಂದು ಬಗೆಯ ಸಿಮೆಂಟಿಗೆ 21,000 ರೂಪಾಯಿ ದೊಡ್ಡದಲ್ಲ ಎನಿಸಬಹುದು. ಇದೇ ಸೂತ್ರ ಎರಡು ಸಾವಿರ ಬಗೆಯ ಮಾಲು ಇರುವ ಸಗಟು ಅಂಗಡಿಯ ಹಾಳೆಯಲ್ಲಿ ಸಾಲಿನಿಂದ ಸಾಲಿಗೆ ಇಳಿದಾಗ ಬ್ಯಾಂಕಿನ ಬಡ್ಡಿಯಲ್ಲಿ ಅದು ಕಾಣಿಸುತ್ತದೆ. ವಿರುದ್ಧ ದಿಕ್ಕಿನ ತಪ್ಪೂ ಉಂಟು. ದಿನಾ ಸ್ವಲ್ಪ ಸ್ವಲ್ಪ ಮಾಲು ತರಿಸುವವರು ಶೇ. 80ರ ಸೈಕಲ್ ಅಳತೆ ಸಾಕೆಂದುಕೊಂಡರೆ, ಪ್ರತಿ ಐದು ದಿನಕ್ಕೊಮ್ಮೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುತ್ತಾರೆ.

ಅಮೆರಿಕದ ರಾಬರ್ಟ್ ಜಿ. ಬ್ರೌನ್ 1959ರಲ್ಲಿ ದಾಸ್ತಾನು ನಿಯಂತ್ರಣಕ್ಕೆ ಬೇಕಾದ ಮುನ್ಸೂಚನೆಯ ಬಗ್ಗೆ, 1967ರಲ್ಲಿ ದಾಸ್ತಾನಿನ ನಿರ್ಧಾರ ಸೂತ್ರಗಳ ಬಗ್ಗೆ ಪುಸ್ತಕ ಬರೆದರು. ಈ ಎರಡು ಅಳತೆಗಳು ಬೇರೆ ಬೇರೆ ಎಂಬುದು ಅಂದಿನಿಂದಲೂ ಪಠ್ಯಪುಸ್ತಕಗಳಲ್ಲಿದೆ. ಹಾಗಿದ್ದೂ ಮೊದಲ ಸೂತ್ರವೇ ಎಲ್ಲೆಡೆ ಉಳಿದದ್ದಕ್ಕೆ, ನನ್ನ ದೃಷ್ಟಿಯಲ್ಲಿ, ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಇಲ್ಲ.

ಸೂತ್ರ ಸರಿಯಿದ್ದರೂ ಗೋಡೌನಿನಲ್ಲಿ ಫಲ ಸ್ವಲ್ಪ ಕೆಟ್ಟದಾಗಿಯೇ ಇರುತ್ತದೆ. ದಾಸ್ತಾನು ಸರಿಯಾಗಿ 100ಕ್ಕೆ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಿಡಿಯುತ್ತದೆ. ವಾಸ್ತವದಲ್ಲಿ 110 ಚೀಲ ಇದ್ದಾಗ ಒಬ್ಬ ಗುತ್ತಿಗೆದಾರರು 30 ಚೀಲ ಒಯ್ದರೆ ಆರ್ಡರ್ ಹೋಗುವುದು 80ರಲ್ಲಿ. ಗೆರೆಯ ಕೆಳಗಿನ ಆ 20 ಚೀಲ ಆಗಲೇ ಕೈಬಿಟ್ಟಿದೆ. ದೊಡ್ಡ ಗಿರಾಕಿಗಳಿರುವ ಕಡೆ ಒಬ್ಬರ ಖರೀದಿಯ ಸರಾಸರಿಯ ಅರ್ಧದಷ್ಟನ್ನಾದರೂ ಗೆರೆಗೆ ಸೇರಿಸಬೇಕು. ಲಾರಿ ಎರಡು ದಿನದ ಬದಲು ನಾಲ್ಕು ದಿನಕ್ಕೆ ಬರುವುದುಂಟಾದರೆ ಆ ಏರಿಳಿತವೂ 32ರೊಳಗೆ ಸೇರಬೇಕು.

ಎಲ್ಲ ಮಾಲಿಗೂ ಫಿಲ್ ರೇಟೇ ಸರಿಯೇ ಎಂದರೆ, ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡುವ ಹಾವಿನ ವಿಷದ ಪ್ರತಿವಿಷವನ್ನು ನೋಡಿ. ನಮ್ಮಲ್ಲಿ ಸಿಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುವ ಒಂದೇ ಪ್ರತಿವಿಷ. ವಿಷವೇರಿದ ಲಕ್ಷಣ ಕಂಡ ರೋಗಿಗೆ ಮೊದಲ ಸುತ್ತಿನಲ್ಲೇ ಸಾಮಾನ್ಯವಾಗಿ 8ರಿಂದ 10 ವಯಲ್ ಕೊಡಬೇಕಾಗುತ್ತದೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು, ಹಾಗಾಗಿ ಬೇಡಿಕೆಯ ಅಂಕಿ ಕೂಡಿಡಲು ಒಂದು ದಾರಿ ಇದೆ. ಒಂದು ಕೇಂದ್ರಕ್ಕೆ ವರ್ಷಕ್ಕೆ 200 ವಯಲ್ ಬೇಕಾಗಿ 190 ಕೇಳಿದಾಗ ಇದ್ದವು ಎನ್ನೋಣ. ಫಿಲ್ ರೇಟ್ ಶೇ. 95, ವರದಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಇಲ್ಲದಿದ್ದ ಆ 10 ವಯಲ್ ಒಬ್ಬ ಮನುಷ್ಯನ ಮೊದಲ ಸುತ್ತು ಪೂರ್ತಿ. ಇಲ್ಲಿ ಮಾಲಿಲ್ಲದ ಪ್ರತಿ ಸಂದರ್ಭವೂ ಒಂದು ದೊಡ್ಡ ನಷ್ಟ, ಎಷ್ಟು ವಯಲ್ ಕಡಿಮೆ ಎಂಬುದು ಆಮೇಲಿನ ಮಾತು. ಇಂಥಲ್ಲಿ ಸೈಕಲ್ ಅಳತೆಯೇ ಯೋಗ್ಯ. ಒಂದು ಬಿಡಿಭಾಗ ಇಲ್ಲದಿದ್ದರೆ ಇಡೀ ಯಂತ್ರ ನಿಲ್ಲುವ ಕಾರ್ಖಾನೆಗೂ ಇದೇ ಮಾತು ಸಲ್ಲುತ್ತದೆ.

ಆದರೆ ಸೈಕಲ್ ಅಳತೆಯನ್ನು ಶೇಕಡಾವಾರಿನಲ್ಲೇ ಬಿಡಬಾರದು, ವರ್ಷಕ್ಕೆ ಎಷ್ಟು ಸಲ ಎಂದು ತಿರುಗಿಸಿ ಓದಬೇಕು. ಮೂರು ತಿಂಗಳಿಗೊಮ್ಮೆ ಮಾಲು ಬರುವ ಕೇಂದ್ರಕ್ಕೆ ಶೇ. 95 ಎಂದರೆ ಐದು ವರ್ಷಕ್ಕೊಮ್ಮೆ ಖಾಲಿ. ಅಂಥ 20 ಕೇಂದ್ರಗಳಿರುವ ತಾಲ್ಲೂಕಿಗೆ ವರ್ಷದಲ್ಲಿ 80 ಸೈಕಲ್, ಅಂದರೆ ಎಲ್ಲೋ ಒಂದು ಕಡೆ ವರ್ಷಕ್ಕೆ ನಾಲ್ಕು ಸಲ ಖಾಲಿ. ತಾಲ್ಲೂಕಿನ ಅಧಿಕಾರಿ ಒಪ್ಪಬೇಕೋ ಬೇಡವೋ ಎಂದು ಯೋಚಿಸಬೇಕಾದ ಸಂಖ್ಯೆ ಆ ನಾಲ್ಕು.

ಇನ್ನು ಅಳೆಯುವ ಕಷ್ಟ. ಸಿಮೆಂಟ್ ಅಂಗಡಿಯ ಬಿಲ್ ಪುಸ್ತಕದಿಂದ ಫಿಲ್ ರೇಟ್ ತೆಗೆದರೆ ಬಹುತೇಕ ನೂರೇ ಬರುತ್ತದೆ, ಏಕೆಂದರೆ ಇಲ್ಲದ ಮಾಲಿಗೆ ಯಾರೂ ಬಿಲ್ ಹಾಕುವುದಿಲ್ಲ. ಹೆಸರು ಬರೆಸಿ ಹೋದವರಾದರೂ ಎಲ್ಲೋ ಕಾಣುತ್ತಾರೆ. ಕೇಳಿ, ಇಲ್ಲ ಎನಿಸಿಕೊಂಡು, ಪಕ್ಕದ ಅಂಗಡಿಗೆ ಹೋದವರು ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಾರಿದ್ದನ್ನೇ ಬೇಡಿಕೆ ಎಂದು ಓದಿದಾಗ ಖಾಲಿಯಿದ್ದ ದಿನಗಳು ಬೇಡಿಕೆ ಕಡಿಮೆಯಿದ್ದ ದಿನಗಳಂತೆ ಕಾಣುತ್ತವೆ; ಗೆರೆ ಕೆಳಗಿಳಿಯುತ್ತದೆ; ಖಾಲಿ ದಿನಗಳು ಇನ್ನೂ ಹೆಚ್ಚುತ್ತವೆ. ಇದನ್ನು ಪತ್ತೆ ಹಚ್ಚುವ ದಾರಿ ಸುಲಭ. ಲಾರಿ ಬಂದ ಮರುದಿನದ ಮಾರಾಟವನ್ನೂ ಲಾರಿ ಬರುವ ಹಿಂದಿನ ದಿನದ ಮಾರಾಟವನ್ನೂ ಹಲವು ಲೋಡುಗಳಿಗೆ ಪಕ್ಕಪಕ್ಕ ಬರೆಯಿರಿ. ಗಿರಾಕಿಗಳಿಗೆ ನಿಮ್ಮ ಲಾರಿಯ ವೇಳೆ ಗೊತ್ತಿಲ್ಲ, ಹೆಸರು ಬರೆಸಿ ಕಾದವರನ್ನು ಬಿಟ್ಟರೆ ಎರಡೂ ಸುಮಾರು ಸಮ ಇರಬೇಕು. ಹಿಂದಿನ ದಿನದ್ದು ಸದಾ ಕಡಿಮೆಯಿದ್ದರೆ ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ. ಕೌಂಟರಿನ ಬಳಿ ಒಂದು ನೋಟ್‌ಬುಕ್ ಇಟ್ಟು ಕೇಳಿದ್ದೆಷ್ಟು, ಆಗಲೇ ಕೊಟ್ಟದ್ದೆಷ್ಟು ಎಂದು ಎರಡು ಅಂಕಿ ಬರೆಯುವುದು ಇದಕ್ಕಿರುವ ಮದ್ದು. 60 ಚೀಲ ಕೇಳಿದವರಿಗೆ 40 ಕೊಟ್ಟರೆ ಚೀಲದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಪೂರೈಸಿದಂತೆ. ಸ್ಲ್ಯಾಬ್ ಹಾಕಲು 60 ಬೇಕೇ ಬೇಕಾಗಿದ್ದ ಮೇಸ್ತ್ರಿಗೆ ಅದು ಸೊನ್ನೆ. ಯಾವ ಗಿರಾಕಿಗೆ ಯಾವ ಲೆಕ್ಕ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಬೇಕು.

ಎಲ್ಲ ಮಾಲನ್ನೂ ಕೂಡಿ ಒಂದೇ ಫಿಲ್ ರೇಟ್ ತೆಗೆಯುವಾಗಲೂ ಎಚ್ಚರ ಬೇಕು. ನಮ್ಮ ಅಂಗಡಿಯಲ್ಲಿ 15,000 ಚೀಲ ಸಾದಾ ಸಿಮೆಂಟ್ ಶೇ. 97ರಷ್ಟು ಪೂರೈಕೆಯಾಗುತ್ತದೆ, 300 ಚೀಲ ಬಿಳಿ ಸಿಮೆಂಟ್ ಶೇ. 60ರಷ್ಟು ಮಾತ್ರ ಎನ್ನಿ. ಕೂಡಿಸಿ ಭಾಗಿಸಿದರೆ 96.3. ಬಿಳಿ ಸಿಮೆಂಟ್ ಕೇಳಿದ ಹತ್ತು ಚೀಲದಲ್ಲಿ ನಾಲ್ಕು ಸಿಗುತ್ತಿಲ್ಲ ಎಂಬುದು ಒಂದು ಅಂಶಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಮುಚ್ಚಿಹೋಯಿತು. ಟೈಲ್ಸ್ ಕೆಲಸದವರು ಬಿಳಿ ಸಿಮೆಂಟಿಗೆ ಬೇರೆ ಅಂಗಡಿಗೆ ಹೋದಾಗ ಸಾದಾ ಸಿಮೆಂಟನ್ನೂ ಅಲ್ಲೇ ಕೊಳ್ಳುತ್ತಾರೆ, ಅದೂ ಈ ಅಂಗಡಿಯ ನೋಟ್‌ಬುಕ್ಕಿಗೆ ಬರುವುದಿಲ್ಲ. ಹಾಗಾಗಿ ಅಪ್ಪ ಮಗ ಇಬ್ಬರೂ ಮಾಡಬೇಕಾದ ಮೊದಲ ಕೆಲಸ ಬಿಳಿ ಸಿಮೆಂಟಿಗೆ ಪ್ರತ್ಯೇಕ ಪುಟ ತೆರೆದು, ಅದರ ಲೋಡಿನ ಲೆಕ್ಕವನ್ನೂ ಚೀಲದ ಲೆಕ್ಕವನ್ನೂ ಬೇರೆಯಾಗಿ ಬರೆಯುವುದು.